ರೂಮ್ ಖಾಲಿ ಮಾಡುವ ಮೊದಲು, ನನ್ನ ರೂಮ್‌ಮೇಟ್‌ಗೆ

ಗೆಳೆಯಾ,

ಬೀಳ್ಕೊಡುಗೆ ದಿನ ಮೈಕ್ ಹಿಡಿದು ನಾನೂ ಎರಡು ಮಾತಾಡಿದೆ, ನಿಜ. ಆದರೆ ಅದು ಇಡೀ ಕ್ಲಾಸಿಗೆ ಹೇಳಿದ್ದು. ನಿನಗೆ ಹೇಳಬೇಕಾದ್ದು ಹಾಗೇ ಉಳಿದುಬಿಟ್ಟಿದೆ. ಎದುರಿಗೆ ಕೂತು ಹೇಳೋಣ ಅಂದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆದು ನಿನ್ನ ಬ್ಯಾಗಿನ ಮುಂದಿನ ಜೇಬಿನಲ್ಲಿ ಇಡುತ್ತಿದ್ದೇನೆ. ರೈಲು ಹೊರಟ ಮೇಲೆ ಓದು.

ಈ ಡಿಗ್ರಿ ಅಂದರೆ ನನಗೆ ನೆನಪಿಗೆ ಬರುವುದು ರಾತ್ರಿಗಳೇ. ಹಗಲೆಲ್ಲ ಕ್ಲಾಸು, ಲ್ಯಾಬು, ಅಟೆಂಡೆನ್ಸು. ಹನ್ನೊಂದರ ಮೇಲೆ ವಾರ್ಡನ್ ರೌಂಡ್ಸ್ ಮುಗಿದು, ಕಾರಿಡಾರಿನಲ್ಲಿ ಚಪ್ಪಲಿ ಸದ್ದು ನಿಂತು, ಪಕ್ಕದ ರೂಮಿನವರ ಲೈಟ್ ಆರಿದ ಮೇಲೆ ನಮ್ಮ ನಿಜವಾದ ಓದು ಶುರುವಾಗುತ್ತಿತ್ತು. ಓದು ಅಂತ ಕೂತರೂ ಮಾತಿಗೇ ಹೊತ್ತು ಹೋಗುತ್ತಿತ್ತು. ಆ ಮಾತಿನಿಂದಲೇ ನಾನು ಜಾಸ್ತಿ ಕಲಿತದ್ದು.

ಅನಂತ ಶ್ರೇಣಿಯ ಆ ರಾತ್ರಿ ನಿನಗೆ ನೆನಪಿದೆಯಾ? ಒಂದು, ಅರ್ಧ, ಮೂರನೇ ಒಂದು, ಕಾಲು, ಹೀಗೆ ಕೂಡುತ್ತಾ ಹೋದರೆ ಮೊತ್ತಕ್ಕೆ ಮಿತಿಯೇ ಇಲ್ಲ ಅಂತ ಬೆಳಿಗ್ಗೆ ಕ್ಲಾಸಿನಲ್ಲಿ ಹೇಳಿದ್ದರು. ನನ್ನ ಮನಸ್ಸು ಒಪ್ಪಲೇ ಇಲ್ಲ. ಕೂಡುವ ಸಂಖ್ಯೆ ಸಣ್ಣದಾಗುತ್ತಾ ಸೊನ್ನೆಯ ಹತ್ತಿರ ಹೋಗುತ್ತಿದ್ದರೆ ಮೊತ್ತವೂ ಎಲ್ಲೋ ಒಂದು ಕಡೆ ನಿಲ್ಲಬೇಕಲ್ವಾ ಅಂತ ನನ್ನ ವಾದ. ನೀನು ವಾದ ಮಾಡಲಿಲ್ಲ. ನಿದ್ದೆಗಣ್ಣಲ್ಲೇ ಎದ್ದು, ಚಾಕ್‌ಪೀಸ್ ತೆಗೆದುಕೊಂಡು, ಕಬ್ಬಿಣದ ಬೀರುವಿನ ಬಾಗಿಲ ಮೇಲೆ ಬರೆಯೋಕೆ ಶುರು ಮಾಡಿದೆ.

ಮೊದಲು 1/3 ಮತ್ತು 1/4 ಬರೆದು ಸುತ್ತ ಗೆರೆ ಎಳೆದೆ. "ಎರಡೂ ಕೂಡಿದರೆ ಅರ್ಧಕ್ಕಿಂತ ಜಾಸ್ತಿ ಹೌದೋ ಅಲ್ಲವೋ?" ಅಂದೆ. ಹೌದು. ಆಮೇಲೆ 1/5ರಿಂದ 1/8ರವರೆಗೆ ನಾಲ್ಕು ಪದ. ಒಂದೊಂದೂ 1/8ಕ್ಕಿಂತ ಕಡಿಮೆ ಇಲ್ಲ, ಹಾಗಾಗಿ ಮತ್ತೆ ಅರ್ಧಕ್ಕಿಂತ ಜಾಸ್ತಿ. ಮುಂದಿನ ಎಂಟು ಪದ ಸೇರಿಸು, ಮತ್ತೊಂದು ಅರ್ಧ. ಅದರ ಮುಂದಿನ ಹದಿನಾರು, ಇನ್ನೊಂದು ಅರ್ಧ. "ಅರ್ಧಗಳು ಮುಗಿಯುವುದೇ ಇಲ್ಲ ಕಣೋ, ಇನ್ನೆಲ್ಲಿ ನಿಲ್ಲುತ್ತದೆ?" ಅಂದೆ. ಬಾಗಿಲು ಪೂರ್ತಿ ಬೆಳ್ಳಗಾಗಿತ್ತು. ಚಾಕಿನ ಪುಡಿ ನಿನ್ನ ಹಾಸಿಗೆ ಮೇಲೆಲ್ಲ ಬಿದ್ದಿತ್ತು.

ಅಷ್ಟಕ್ಕೇ ನೀನು ಬಿಡಲಿಲ್ಲ. ಮೊತ್ತ 10 ದಾಟಲು ಎಷ್ಟು ಪದ ಬೇಕು ಊಹೆ ಮಾಡು ಅಂದೆ. ನಾನು ಐನೂರು ಅಂದೆ. ಲ್ಯಾಪ್‌ಟಾಪ್ ತೆಗೆದು ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಓಡಿಸಿದೆವು. ಬಂದ ಉತ್ತರ 12,367. ನಾನು ಆ ಸಂಖ್ಯೆಯನ್ನೇ ನೋಡುತ್ತಾ ಕೂತೆ. ಇಷ್ಟು ನಿಧಾನವಾಗಿ ಏರುತ್ತಿದ್ದರೂ ನಿಲ್ಲದೇ ಇರಬಹುದು ಅನ್ನುವುದು ನನಗೆ ಆ ಹೊತ್ತಿನಲ್ಲಿ ಮೈ ಜುಂ ಅನ್ನಿಸಿತು. ಗಣಿತ ಪಾಸಾಗಬೇಕಾದ ಸಬ್ಜೆಕ್ಟ್ ಅಂತಷ್ಟೇ ಅಂದುಕೊಂಡಿದ್ದವನು ಅದರ ಮೇಲೆ ಪ್ರೀತಿ ಇಟ್ಟುಕೊಂಡದ್ದು ಆ ರಾತ್ರಿಯಿಂದ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಪರೀಕ್ಷೆ ಹಿಂದಿನ ರಾತ್ರಿಗಳ ಬಗ್ಗೆ ಏನು ಬರೆಯಲಿ, ಅವೆಲ್ಲ ಒಂದೇ ಥರ. ಪ್ರಶ್ನೆಪತ್ರಿಕೆಗಳ ಜೆರಾಕ್ಸ್, ಬಕೆಟ್ ನೀರಲ್ಲಿ ಮುಖ ತೊಳೆಯುವುದು, ನಾಲ್ಕಕ್ಕೆ ಎಬ್ಬಿಸು ಅಂತ ಒಬ್ಬರಿಗೊಬ್ಬರು ಹೇಳುವುದು.

ಆದರೆ ಕರೆಂಟ್ ಹೋದ ರಾತ್ರಿಗಳು ಬೇರೆಯೇ. ಚಾಪೆ ಹಿಡಿದು ಟೆರೇಸಿಗೆ ಹೋಗುತ್ತಿದ್ದೆವು. ಚಳಿಗಾಲದಲ್ಲಿ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರ ತೋರಿಸಿ, ಅದೇ ಗೆರೆ ಹಿಡಿದು ಕೆಳಗೆ ಬಾ ಅಂತ ಲುಬ್ಧಕವನ್ನು ಗುರುತು ಹಿಡಿಯೋಕೆ ಕಲಿಸಿದವನು ನೀನು. ಅಲ್ಲಿಂದ ಬೆಳಕು ಇಲ್ಲಿಗೆ ಬರೋಕೆ ಸುಮಾರು 8.6 ವರ್ಷ ಬೇಕು ಅಂದಿದ್ದೆ. ಈಗ ಲೆಕ್ಕ ಹಾಕಿದರೆ ನಾವು ಈ ರೂಮಿಗೆ ಬಂದ ದಿನ ಅಲ್ಲಿಂದ ಹೊರಟ ಬೆಳಕು ಇನ್ನೂ ಅರ್ಧ ದಾರಿಯನ್ನೂ ಮುಟ್ಟಿಲ್ಲ. ಅದು ಬಂದು ತಲುಪುವಾಗ ನಾವಿಬ್ಬರೂ ಎಲ್ಲಿರುತ್ತೇವೋ! ಎಲ್ಲಿದ್ದರೂ ಆ ಚಳಿಗಾಲದಲ್ಲಿ ಒಂದು ರಾತ್ರಿ ಫೋನ್ ಮಾಡಿಕೊಂಡು ಇಬ್ಬರೂ ಒಟ್ಟಿಗೆ ನೋಡೋಣ. ಇದು ಸುಮ್ನೆ ಬರೆದ ಮಾತಲ್ಲ.

ಇನ್ನೊಂದು ರಾತ್ರಿ ಇದೆ. ಅದರ ಬಗ್ಗೆ ನಾವು ಆಮೇಲೆ ಮಾತೇ ಆಡಿಲ್ಲ. ಅಪ್ಪನನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋದರು ಅಂತ ಅಕ್ಕ ಫೋನ್ ಮಾಡಿದ್ದು ರಾತ್ರಿ ಹನ್ನೆರಡರ ಹೊತ್ತಿಗೆ. ಬೆಳಗಿನವರೆಗೆ ಹೊರಡೋಕೆ ಬಸ್ಸಿಲ್ಲ. ನಿನಗೆ ಮಾರನೇ ದಿನ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಎಲ್ಲ ಸರಿಹೋಗುತ್ತದೆ, ಧೈರ್ಯ ತಗೋ ಅಂತ ಒಂದು ಮಾತೂ ನೀನು ಆಡಲಿಲ್ಲ. ನನ್ನ ಬಟ್ಟೆ ಮಡಚಿ ಬ್ಯಾಗಿಗೆ ಹಾಕಿದೆ. ಚಾರ್ಜರ್ ಹಾಕಿದೆ. ನಿನ್ನ ಪರ್ಸಿನಲ್ಲಿದ್ದ ದುಡ್ಡೆಲ್ಲ ತೆಗೆದು ಬ್ಯಾಗಿನ ಒಳಜೇಬಿಗೆ ಇಟ್ಟೆ. ಆಮೇಲೆ ನನ್ನ ಮಂಚದ ತುದಿಯಲ್ಲಿ ಗೋಡೆಗೆ ಒರಗಿ ಕೂತೆ. ಪುಸ್ತಕ ತೊಡೆ ಮೇಲಿತ್ತು. ಒಂದು ಹಾಳೆಯನ್ನೂ ನೀನು ತಿರುಗಿಸಲಿಲ್ಲ, ನಾನು ನೋಡಿದ್ದೇನೆ. ಅಪ್ಪ ಹೊರಗೆ ಬಂದರು, ಮಾತಾಡಿದರು ಅಂತ ಸುದ್ದಿ ಬರುವವರೆಗೂ ನೀನು ಕಣ್ಣು ಮುಚ್ಚಲಿಲ್ಲ. ಅಪ್ಪ ಈಗಲೂ ಫೋನ್ ಮಾಡಿದಾಗೆಲ್ಲ ಮೊದಲು ನಿನ್ನನ್ನೇ ಕೇಳುತ್ತಾರೆ. ಯಾಕೆ ಅಂತ ಈಗ ನಿನಗೆ ಗೊತ್ತಾಯಿತು.

ಜೊತೆಗೆ ಎಚ್ಚರವಾಗಿರುವುದು ದೊಡ್ಡ ಕೆಲಸ ಕಣೋ. ನೀನು ಅದನ್ನು ಯಾರೂ ಕೇಳದೆ ಮಾಡುತ್ತಿದ್ದೆ. ನಾನು ಬೇಗ ಮಲಗಿದ ದಿನ ಟೇಬಲ್ ಲ್ಯಾಂಪನ್ನು ಗೋಡೆ ಕಡೆ ತಿರುಗಿಸಿ, ಅದರ ಮೇಲೆ ಟವೆಲ್ ಇಳಿಬಿಟ್ಟು, ಆ ಅರೆಬೆಳಕಲ್ಲಿ ಓದುತ್ತಿದ್ದೆ. ನಾನು ಮಲಗಿಲ್ಲ ಅಂತ ನಿನಗೆ ಗೊತ್ತಿರುತ್ತಿರಲಿಲ್ಲ.

ಈಗ ನೀನು ಎಂಎಸ್ಸಿಗೆ ಅಷ್ಟು ದೂರ ಹೋಗುತ್ತಿದ್ದೀಯ. ನಾನು ಬಿಎಡ್‌ಗೆ. ಮುಂದೆ ನನ್ನ ಕ್ಲಾಸಿನಲ್ಲಿ ಯಾವುದಾದರೂ ಮಗು "ಇದು ಹೇಗೆ ಸಾಧ್ಯ ಸರ್, ನಾನು ಒಪ್ಪಲ್ಲ" ಅಂದರೆ ಗದರಿಸುವುದಿಲ್ಲ. ಚಾಕ್‌ಪೀಸ್ ತೆಗೆದುಕೊಂಡು 1/3 ಮತ್ತು 1/4ರಿಂದ ಶುರು ಮಾಡುತ್ತೇನೆ.

ನಿನ್ನ ಬಗ್ಗೆ ಒಂದು ಚಿಂತೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಮನಸ್ಸು ಸರಿಯಿಲ್ಲದಿದ್ದಾಗ ನೀನು ಮುಸುಕು ಹಾಕಿಕೊಂಡು ಗೋಡೆ ಕಡೆ ತಿರುಗಿ ಮಲಗುತ್ತೀಯ, ಊಟಕ್ಕೂ ಏಳುವುದಿಲ್ಲ. ಇಲ್ಲಿ ನಾನು ಮುಸುಕು ಎಳೆದು ಎಬ್ಬಿಸುತ್ತಿದ್ದೆ. ಅಲ್ಲಿ ಹೊಸ ರೂಮ್‌ಮೇಟ್‌ಗೆ ಇದು ಗೊತ್ತಾಗೋಕೆ ಟೈಮ್ ಬೇಕು. ಅಲ್ಲಿಯವರೆಗೆ ನನಗೆ ಫೋನ್ ಮಾಡು. ಎಷ್ಟೊತ್ತಾದರೂ ಪರವಾಗಿಲ್ಲ. ಏನೂ ಮಾತಾಡದಿದ್ದರೂ ಪರವಾಗಿಲ್ಲ, ಲೈನಲ್ಲಿ ಇರುತ್ತೇನೆ.

ನಿನ್ನ ಅನಾಲಿಸಿಸ್ ನೋಟ್ಸ್ ನಾನೇ ಇಟ್ಟುಕೊಂಡಿದ್ದೇನೆ, ಹುಡುಕಬೇಡ. ಬದಲಿಗೆ ನನ್ನ ಟೇಬಲ್ ಲ್ಯಾಂಪ್ ನಿನ್ನ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ, ಕುತ್ತಿಗೆ ಸಡಿಲ ಇದೆ, ಸ್ಕ್ರೂ ಬಿಗಿ ಮಾಡಿಕೊ. ನೋ ಡ್ಯೂ ಫಾರಂಗೆ ಇಬ್ಬರದ್ದೂ ಸಹಿ ಆಗಿದೆ. ರೂಮಿನ ಕೀ ಆಫೀಸಿಗೆ ನಾನು ಕೊಡುತ್ತೇನೆ. ತಲುಪಿದ ತಕ್ಷಣ ಫೋನ್ ಮಾಡು, ನಾನು ಎಚ್ಚರ ಇರುತ್ತೇನೆ.

ನಿನ್ನ ರೂಮ್‌ಮೇಟ್