ಅರ್ಪಣೆ

ಹಾನಗಲ್ಲಿನ ನಮ್ಮ ಮನೆಯಲ್ಲಿ ಪಡಸಾಲೆಗೆ ಹೊಂದಿಕೊಂಡ ಸಣ್ಣ ಕೋಣೆಯೊಂದರಲ್ಲಿ ಮೂವತ್ತೈದು ವರ್ಷಗಳ ಕಾಲ ಪುಸ್ತಕಗಳನ್ನು ಕೂಡಿಟ್ಟು, ಒಂದು ಕಪಾಟಿಗೂ ಬೀಗ ಹಾಕದೆ, 2019ರ ನವೆಂಬರಿನಲ್ಲಿ ತೀರಿಕೊಂಡ ನನ್ನ ಅಪ್ಪನ ನೆನಪಿಗೆ ಈ ಮೊದಲ ಪುಸ್ತಕವನ್ನು ಅರ್ಪಿಸುತ್ತಿದ್ದೇನೆ. ಒಂದು ಸಾಲಿನಲ್ಲಿ ಮುಗಿಯಬೇಕಾದ ಮಾತು ಇಷ್ಟು ಉದ್ದವಾಗುವುದಕ್ಕೆ ಹಳೆಯ ಬಾಕಿಯೊಂದು ಕಾರಣ. ಅದನ್ನು ಹೇಳದೆ ಮುಂದಿನ ಹನ್ನೊಂದು ಕಥೆಗಳನ್ನು ಓದುಗರ ಕೈಗೆ ಕೊಡಲು ಮನಸ್ಸು ಒಪ್ಪಲಿಲ್ಲ.

ಅಪ್ಪ ಅಂಚೆ ಇಲಾಖೆಯಲ್ಲಿದ್ದರು. ಸವಣೂರು, ಬ್ಯಾಡಗಿ, ಹಿರೇಕೆರೂರು ಎಂದು ವರ್ಗವಾಗುತ್ತ, ಕೊನೆಗೆ ಹಾನಗಲ್ಲಿಗೆ ಬಂದು ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದರು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅವರ ಸೇವೆಯ ಬಹುಪಾಲು ಹಳೆಯ ಧಾರವಾಡ ಜಿಲ್ಲೆಯ ಲೆಕ್ಕಕ್ಕೇ ಹೋಯಿತು. ಪುಸ್ತಕದಂಗಡಿಯಿಲ್ಲದ ಊರುಗಳಲ್ಲಿ ಇದ್ದುಕೊಂಡು ಅವರು ಪುಸ್ತಕಗಳನ್ನೆಲ್ಲ ಅಂಚೆಯಲ್ಲೇ ತರಿಸುತ್ತಿದ್ದರು. ಜಿ. ಬಿ. ಜೋಶಿ ಅವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಗೆ ಅವರು ಚಂದಾದಾರರು, ಉಳಿದವು ಅಂಚೆಯಲ್ಲಿ ಹಣ ಕಟ್ಟಿ ಬಿಡಿಸಿಕೊಳ್ಳುವ ವಿ.ಪಿ. ಕಟ್ಟುಗಳಾಗಿ ಬರುತ್ತಿದ್ದವು. ವಿ.ಪಿ. ಬಂದ ದಿನ ತಮ್ಮ ಜೇಬಿನ ಹಣವನ್ನು ಎಣಿಸಿ ಕಚೇರಿಯ ಲೆಕ್ಕಕ್ಕೆ ಕಟ್ಟಿ, ರಸೀದಿಯ ಮೇಲೆ ಪಡೆದವರೆಂದು ತಾವೇ ಸಹಿ ಮಾಡಿ, ಸಂಜೆ ಕಚೇರಿ ಮುಚ್ಚಿದ ಮೇಲಷ್ಟೇ ಆ ಕಟ್ಟನ್ನು ಮನೆಗೆ ತರುತ್ತಿದ್ದರು. ಹಗಲಲ್ಲಿ ಅದು ಮೇಜಿನ ಮೇಲೆಯೇ ಇರುತ್ತಿತ್ತು, ಆದರೆ ಬಿಚ್ಚುತ್ತಿರಲಿಲ್ಲ.

ಕಟ್ಟು ಬಿಚ್ಚುವುದನ್ನು ನಾನು ಎದುರು ಕುಳಿತು ನೋಡಿದ್ದೇನೆ. ದಾರವನ್ನು ಕತ್ತರಿಸದೆ ಗಂಟು ಬಿಡಿಸಿ ಉಂಡೆ ಸುತ್ತುತ್ತಿದ್ದರು. ಮೇಲಿನ ಖಾಕಿ ಕಾಗದವನ್ನು ಅಂಗೈಯಿಂದ ತೀಡಿ ಸಪಾಟು ಮಾಡಿ, ಅದೇ ಪುಸ್ತಕಕ್ಕೆ ಒಳಮಗ್ಗುಲಾಗಿ ಹೊದಿಕೆ ಹಾಕುತ್ತಿದ್ದರು. ಹೀಗಾಗಿ ನಮ್ಮ ಮನೆಯ ಯಾವ ಪುಸ್ತಕದ ಹೊದಿಕೆ ತೆಗೆದರೂ ಒಳಗೆ ಅಪ್ಪನ ವಿಳಾಸ ಇದೆ. ಆಮೇಲೆ ಮೊದಲ ಪುಟದ ಬಲತುದಿಯಲ್ಲಿ ನೀಲಿ ಶಾಯಿಯಿಂದ ಒಂದು ದುಂಡು ಬರೆದು, ದುಂಡಿನ ಅಂಚಿಗೆ ಊರಿನ ಹೆಸರು, ನಡುವೆ ತಾರೀಖು, ಕೆಳಗೆ ಕ್ರಮಸಂಖ್ಯೆ. ನೋಡಿದರೆ ಅಂಚೆಯ ಠಸ್ಸೆಯೇ ಅನ್ನಿಸಬೇಕು. ನಿಜವಾದ ಠಸ್ಸೆ ಕೈಯಳತೆಯಲ್ಲಿದ್ದರೂ ಸರಕಾರದ ಸಾಮಾನನ್ನು ಸ್ವಂತಕ್ಕೆ ಬಳಸಬಾರದೆಂದು ಅದನ್ನು ಮುಟ್ಟಲಿಲ್ಲ. ಅದರ ಮೇಲಿನ ಆಸೆಯನ್ನು ಮಾತ್ರ ಬಿಡಲಿಲ್ಲ. ಪುಸ್ತಕಗಳ ನಡುವೆ ಬಜೆಯ ತುಂಡು, ಒಣಗಿದ ಬೇವಿನ ಎಲೆ. "ಮನ್ಯಾಗ ಮಂದಿಗಿಂತ ಪುಸ್ತಕಾನ ಹೆಚ್ಚಾಗ್ಯಾವ" ಎಂದು ಅವ್ವ ಗೊಣಗಿದರೂ, ಶ್ರಾವಣ ಕಳೆದು ಬಿಸಿಲು ಬಿದ್ದೊಡನೆ ಅವನ್ನೆಲ್ಲ ಅಂಗಳಕ್ಕೆ ತಂದು ಹರವುತ್ತಿದ್ದವಳು ಅವಳೇ.

ಓದಲು ಯಾರು ಬಂದು ಕೇಳಿದರೂ ಕೊಡುತ್ತಿದ್ದರು. ಕೊಟ್ಟದ್ದನ್ನು ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು: ಕ್ರಮಸಂಖ್ಯೆ, ಪುಸ್ತಕ, ಒಯ್ದವರು, ಒಯ್ದ ತಾರೀಖು, ಮರಳಿದ ತಾರೀಖು, ಷರಾ. ಮನೆಯವರಿಗೂ ರಿಯಾಯಿತಿ ಇರಲಿಲ್ಲ. ಪೂರ್ತಿ ಹೆಸರು ಬರೆಸಿಯೇ ಒಯ್ಯಬೇಕು.

ನಾನು ಕಾಲೇಜಿಗೆಂದು ಬೆಂಗಳೂರಿಗೆ ಹೊರಟಾಗ, 1998ರ ಜುಲೈನಲ್ಲಿ, ಕಿಟೆಲ್ ನಿಘಂಟನ್ನು ಕೇಳಿದೆ. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಪ್ರಕಟಿಸಿದ ಆ ಕನ್ನಡ–ಇಂಗ್ಲಿಷ್ ನಿಘಂಟಿನ ಮರುಮುದ್ರಣ ಅದು. ಇಡೀ ನಿಘಂಟು ಒಂದೇ ಸಂಪುಟದಲ್ಲಿ, ಎತ್ತಿದರೆ ಮಗುವಿನಷ್ಟು ಭಾರ. ಅಪ್ಪ ಅದನ್ನು ಕೊಳ್ಳಲು ಎರಡು ದೀಪಾವಳಿ ಹೊಸ ಅಂಗಿ ಹೊಲಿಸಿರಲಿಲ್ಲವೆಂದು ಅವ್ವ ಆಮೇಲೆ ಹೇಳಿದಳು. ಅವರು ಒಂದು ಗಳಿಗೆ ಸುಮ್ಮನಿದ್ದು, ರಿಜಿಸ್ಟರ್ ತೆರೆದು ನನ್ನ ಹೆಸರು ಬರೆದು, ನಿಘಂಟನ್ನು ಧೋತರದ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ತಾವೇ ಇಟ್ಟರು.

ಮರುವರ್ಷ ಮೆಸ್ಸಿಗೆ ಕಟ್ಟಬೇಕಿದ್ದ ದುಡ್ಡನ್ನು ಸಿನಿಮಾಕ್ಕೂ ಹೋಟೆಲಿಗೂ ಕಳೆದು, ನಾನು ಆ ನಿಘಂಟನ್ನು ಅವೆನ್ಯೂ ರಸ್ತೆಯ ಹಳೆ ಪುಸ್ತಕದ ವ್ಯಾಪಾರಿಯೊಬ್ಬನಿಗೆ ನೂರಾ ಎಂಬತ್ತು ರೂಪಾಯಿಗೆ ಮಾರಿದೆ. ಬರಹವಿರುವ ಪುಟ ಬೇಡವೆಂದು ಅವನು ಹೇಳಿದಾಗ ನೀಲಿ ದುಂಡಿದ್ದ ಆ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡದ್ದು ನೆನಪಿದೆ. ಮೈಸೂರು ಬ್ಯಾಂಕ್ ವೃತ್ತ ದಾಟಿದ ಮೇಲೆ ಅದು ಏನಾಯಿತೋ ನೆನಪಿಲ್ಲ.

ಮನೆಯಲ್ಲಿ ನಿಘಂಟಿಲ್ಲದ್ದರಿಂದ ಅಪ್ಪ ಇನ್‌ಲ್ಯಾಂಡ್ ಪತ್ರದ ಕೊನೆಗೆ ಒಂದೆರಡು ಪದ ಬರೆದು, ಕಿಟೆಲ್ ಏನನ್ನುತ್ತಾರೆ ನೋಡಿ ತಿಳಿಸು ಎಂದು ಕೇಳುತ್ತಿದ್ದರು. ಮನಿಯಾರ್ಡರ್ ಪಡೆಯಲು ಬಂದ ಮುದುಕಿಯರ, ರೈತರ ಬಾಯಲ್ಲಿ ಕೇಳಿದ ಪದಗಳವು. ಪ್ರತಿ ಸಲವೂ ನಾನು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯಕ್ಕೆ ಹೋಗಿ ಅರ್ಥವನ್ನು ನಕಲು ಮಾಡಿ ಕಳಿಸುತ್ತಿದ್ದೆ. ಕಥೆ ಬರೆಯುವ ಹುಚ್ಚು ಹಿಡಿದದ್ದು ಅಲ್ಲಿಯೇ. ಒಂದು ಪದ ಹುಡುಕಲು ಹೋದವನು ಹತ್ತು ಪದ ಓದಿಕೊಂಡು ಬರುತ್ತಿದ್ದೆ. 2001ರಲ್ಲಿ, ನೆಲದೊಳಗೆ ಕಾಳು ತುಂಬಿಡುವ 'ಹಗೇವು' ಎಂಬುದನ್ನು ಅವರು ಕೇಳಿದಾಗ, ಅರ್ಥದ ಜೊತೆಗೆ ನನ್ನ ಶ್ರದ್ಧೆಯನ್ನೂ ತೋರಿಸಲೆಂದು 'ನಾಲ್ಕನೆಯ ಸಂಪುಟ' ಎಂದು ಬರೆದು ಪುಟಸಂಖ್ಯೆಯನ್ನೂ ಸೇರಿಸಿದೆ. ಗ್ರಂಥಾಲಯದಲ್ಲಿದ್ದದ್ದು ಮದ್ರಾಸ್ ವಿಶ್ವವಿದ್ಯಾನಿಲಯವು ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದ ಆವೃತ್ತಿ. ಆಮೇಲೆ ಬಂದ ಪತ್ರಗಳಲ್ಲಿ ಪದಗಳಿರಲಿಲ್ಲ. ಅಪ್ಪನಿಗೆ ಆ ಆಸಕ್ತಿ ಕಡಿಮೆಯಾಗಿರಬೇಕೆಂದು ನಾನು ಹದಿನೆಂಟು ವರ್ಷ ತಿಳಿದಿದ್ದೆ.

ಅವರು ಹೋದ ಮೇಲೆ ಪುಸ್ತಕಗಳನ್ನು ಒಂದು ಸಂಸ್ಥೆಗೆ ಕೊಡಬೇಕೆಂದು ಹೋದರೆ, ಅಲ್ಲಿಯವರು ಪುಸ್ತಕ ಬೇಡ, ಸಾಗವಾನಿಯ ಕಪಾಟುಗಳಿದ್ದರೆ ಕೊಡಿ ಎಂದರು. ಎರಡನ್ನೂ ಕೊಡಲಿಲ್ಲ. ಪಟ್ಟಿ ಮಾಡಲು ಕುಳಿತಾಗ ರಿಜಿಸ್ಟರ್ ಸಿಕ್ಕಿತು. ಮರಳದ ಪುಸ್ತಕಗಳು ನಲವತ್ತೊಂದು. ಹೆಚ್ಚಿನವುಗಳ ಮುಂದೆ ಷರಾ ಕಲಮಿನಲ್ಲಿ ಕೆಂಪು ಶಾಯಿಯಿಂದ 'ನೆನಪಿಸಿದೆ', 'ಮತ್ತೆ ನೆನಪಿಸಿದೆ', ಒಂದೆಡೆ 'ಊರು ಬಿಟ್ಟಿದ್ದಾರೆ'. ಕಿಟೆಲ್ ನಿಘಂಟಿನ ಸಾಲಿನಲ್ಲಿ, ನನ್ನ ಪೂರ್ತಿ ಹೆಸರಿನ ಮುಂದೆ, ಮರಳಿದ ತಾರೀಖಿನ ಜಾಗ ಖಾಲಿ. ಷರಾ ಕಲಮಿನಲ್ಲಿ ಪೆನ್ಸಿಲಿನಿಂದ, ಬೇಕಾದರೆ ಒರೆಸಿಬಿಡಬಹುದಾದಷ್ಟು ತೆಳುವಾಗಿ, 'ಕೇಳಬಾರದು' ಎಂದು ಬರೆದಿದ್ದರು. ಕೆಳಗೆ 2001ರ ತಾರೀಖು.

ಈ ಕಥೆಗಳಲ್ಲಿ ಬರುವ ಪದಗಳಲ್ಲಿ ಅನೇಕವು ಅಪ್ಪ ಕೇಳಿ ಕಳಿಸಿದವು. ಏಳನೆಯ ಕಥೆಯಲ್ಲಿ ಹಗೇವು ಇದೆ. ಪುಸ್ತಕಕ್ಕೆಂದೇ ಕಡಿಮೆ ದರವಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆ 2024ರ ಕೊನೆಯಲ್ಲಿ ನಿಲ್ಲಿಸಿದೆ; ಅಪ್ಪ ಇದ್ದಿದ್ದರೆ ಅದಕ್ಕೊಂದು ದೂರು ಬರೆಯುತ್ತಿದ್ದರು. ಆದರೂ ಈ ಪುಸ್ತಕದ ಮೊದಲ ಪ್ರತಿ ಖಾಕಿ ಕಾಗದ ಸುತ್ತಿಕೊಂಡು ಹಾನಗಲ್ಲಿಗೆ ಅಂಚೆಯಲ್ಲೇ ಹೋಗುತ್ತದೆ. ಅವ್ವ ಸಹಿ ಮಾಡಿ ತೆಗೆದುಕೊಳ್ಳುತ್ತಾಳೆ. ನಾನು ಹೋದಾಗ ಆ ಕಾಗದವನ್ನೇ ತಿರುಗಿಸಿ ಹೊದಿಕೆ ಹಾಕಿ, ನೀಲಿ ದುಂಡು ಬರೆದು, ಅಪ್ಪ ನಿಲ್ಲಿಸಿದ 1,340ರ ಮುಂದಿನ ಸಂಖ್ಯೆ ಕೊಟ್ಟು ಕಪಾಟಿನಲ್ಲಿ ಇಡುತ್ತೇನೆ. ಕಿಟೆಲ್ ನಿಘಂಟಿನ ಸಾಲಿನಲ್ಲಿ ಏನನ್ನೂ ಬರೆಯುವುದಿಲ್ಲ.

ಬೆಂಗಳೂರು
ಯುಗಾದಿ, 2025