ವಿಷಯ: ಚಿಕ್ಕಮ್ಮ, ನಮ್ಮ ಆಪಲ್ ಮ್ಯೂಸಿಕ್ ಫ್ಯಾಮಿಲಿ ಪ್ಲಾನ್‌ಗೆ ನೀವು ಸೇರುವುದು ಹೀಗೆ

ಪ್ರೀತಿಯ ಚಿಕ್ಕಮ್ಮ,

ಮೊನ್ನೆ ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲಿ ಮಗು ಎದ್ದುಬಿಟ್ಟಿತು. ಅದಕ್ಕೇ ಎಲ್ಲಾ ಬರೆದು ಕಳಿಸುತ್ತಿದ್ದೇನೆ. ಒಂದೇ ಸಲಕ್ಕೆ ಮಾಡಿ ಮುಗಿಸಬೇಕು ಅಂತೇನೂ ಇಲ್ಲ, ಮಗು ಮಲಗಿದಾಗ ಸ್ವಲ್ಪ ಸ್ವಲ್ಪ ಮಾಡಿ.

ಮೊದಲು ದುಡ್ಡಿನ ವಿಷಯ. ಈ ಪ್ಲಾನ್‌ನಲ್ಲಿ ನನ್ನನ್ನೂ ಸೇರಿಸಿ 6 ಜನ ಇರಬಹುದು. ಈಗ ನಾವು 5 ಜನ ಇದ್ದೇವೆ, ಒಂದು ಜಾಗ ಖಾಲಿ ಇದೆ. ನೀವು ಸೇರಿದರೂ ಸೇರದಿದ್ದರೂ ನಾನು ಕಟ್ಟುವುದು ಅಷ್ಟೇ, ಹಾಗಾಗಿ ಎಷ್ಟು ಕಳಿಸಲಿ ಅಂತ ಕೇಳಲೇಬೇಡಿ. ಸ್ಪಾಟಿಫೈ ಯಾಕಲ್ಲ ಅಂತ ಸ್ಮಿತಾ ಕೇಳಿದ್ದಳು. ಅದರ ಫ್ಯಾಮಿಲಿ ಪ್ಲಾನ್‌ನಲ್ಲಿ ಎಲ್ಲರೂ ಒಂದೇ ವಿಳಾಸದಲ್ಲಿ ಇರಬೇಕು, ಯೂಟ್ಯೂಬ್‌ನದ್ದೂ ಒಂದೇ ಮನೆಯವರಿಗೆ. ಆಪಲ್‌ನದ್ದರಲ್ಲಿ ಎಲ್ಲರ ಅಕೌಂಟ್ ಒಂದೇ ದೇಶದ್ದಾಗಿರಬೇಕು. ನೀವು ಕೆಲವು ತಿಂಗಳಿಗೆ ಬೇರೆ ದೇಶಕ್ಕೆ ಹೋದವರು, ನಿಮ್ಮ ಮನೆ ಇಲ್ಲೇ ಇದೆ, ಹಾಗಾಗಿ ಇದೇ ಸರಿ.

ಶುರು ಮಾಡುವ ಮೊದಲು ಸ್ಮಿತಾಳಿಂದ ಒಂದು ಕೆಲಸ ಆಗಬೇಕು. ನಿಮ್ಮ ಕೈಯಲ್ಲಿರುವುದು ಅವಳ ಹಳೇ ಐಫೋನ್ ಅಲ್ವಾ, Settings ತೆರೆದರೆ ಮೇಲ್ಗಡೆ ಇನ್ನೂ ಅವಳ ಹೆಸರೇ ಬರುತ್ತಿರಬಹುದು. ಬರುತ್ತಿದ್ದರೆ ಅದನ್ನು ಮುಟ್ಟಿ, ಕೆಳಗೆ ಪೂರ್ತಿ ಹೋಗಿ Sign Out ಮಾಡಬೇಕು. ಅವಳ ಪಾಸ್‌ವರ್ಡ್ ಕೇಳುತ್ತದೆ, ಅದಕ್ಕೆ ಅವಳು ಪಕ್ಕದಲ್ಲಿದ್ದಾಗಲೇ ಮಾಡಿ. ಇದನ್ನು ಬಿಟ್ಟು ಮುಂದೆ ಹೋದರೆ ನೀವು ಕೇಳುವ ಹಾಡೆಲ್ಲ ಅವಳ ಲೆಕ್ಕಕ್ಕೆ ಹೋಗುತ್ತದೆ, ಅವಳ ಮೆಸೇಜು ಫೋಟೋ ಎಲ್ಲ ನಿಮ್ಮ ಫೋನಿಗೆ ಬರುತ್ತಾ ಇರುತ್ತದೆ. ಯಾರಿಗೂ ಬೇಡದ ಗೋಜಲು.

ಈಗ ನಿಮ್ಮದೇ ಅಕೌಂಟ್. ಇದನ್ನು ಸ್ಮಿತಾಳ ಲ್ಯಾಪ್‌ಟಾಪಿನಲ್ಲಿ ಮಾಡಿ, ಅಕ್ಷರ ದೊಡ್ಡದಾಗಿ ಕಾಣುತ್ತದೆ. ಬ್ರೌಸರ್‌ನಲ್ಲಿ account.apple.com ಅಂತ ಟೈಪ್ ಮಾಡಿ, Create Your Apple Account ಅನ್ನುವುದನ್ನು ಒತ್ತಿ. ಹೆಸರು, ಹುಟ್ಟಿದ ತಾರೀಕು, ಇಮೇಲ್ ಕೇಳುತ್ತದೆ. ತಾರೀಕು ನಿಜವಾದದ್ದನ್ನೇ ಹಾಕಿ, ಮುಂದೆ ಯಾವತ್ತಾದರೂ ನೀವೇ ಅಂತ ತೋರಿಸಬೇಕಾಗಿ ಬಂದರೆ ನೆನಪಿನಲ್ಲಿರುತ್ತದೆ. ಇಮೇಲ್ ನೀವು ಈಗ ಬಳಸುವುದೇ ಸಾಕು, ಹೊಸದು ಬೇಡ.

ಅದೇ ಪುಟದಲ್ಲಿ Country/Region ಅಂತ ಇರುತ್ತದೆ. ಇಲ್ಲಿ ದಯವಿಟ್ಟು ಒಂದು ನಿಮಿಷ ನಿಲ್ಲಿ. ಅದು ತಾನಾಗೇ ಈಗ ನೀವಿರುವ ದೇಶವನ್ನು ತೋರಿಸಬಹುದು. ಅದನ್ನು ಬದಲಾಯಿಸಿ ನಮ್ಮ ದೇಶವನ್ನೇ ಆರಿಸಿ. ಇದೊಂದು ತಪ್ಪಿದರೆ ನನ್ನ ಗುಂಪಿಗೆ ನಿಮ್ಮನ್ನು ಸೇರಿಸಲು ಆಗುವುದಿಲ್ಲ, ಇಡೀ ಕೆಲಸ ಅಲ್ಲೇ ನಿಂತುಬಿಡುತ್ತದೆ. ಮುಂದೆ ಅಲ್ಲಿಯ ಯಾವುದೋ ಆ್ಯಪ್ ಬೇಕು ಅಂತ ಯಾರಾದರೂ ದೇಶ ಬದಲಾಯಿಸಿ ಅಂದರೆ, ಬದಲಾಯಿಸುವ ಮೊದಲು ನನಗೊಂದು ಮಾತು ಹೇಳಿ.

ಫೋನ್ ನಂಬರ್ ಮಾತ್ರ ಅಲ್ಲಿಯದನ್ನೇ ಹಾಕಿ, ಅಲ್ಲಿಯ ದೇಶದ ಕೋಡ್ ಆರಿಸಿಕೊಂಡು. ಅಕೌಂಟ್ ನಮ್ಮ ದೇಶದ್ದು, ನಂಬರ್ ಬೇರೆ ದೇಶದ್ದು, ಪರವಾಗಿಲ್ವಾ ಅನ್ನಿಸಬಹುದು. ಪರವಾಗಿಲ್ಲ. ಈಗ ಎಸ್‌ಎಂಎಸ್ ಖಂಡಿತ ಬರುವ ನಂಬರ್ ಬೇಕು, ಅಷ್ಟೇ. ಇಮೇಲ್‌ಗೊಂದು, ಫೋನಿಗೊಂದು 6 ಅಂಕಿಯ ಕೋಡ್ ಬರುತ್ತದೆ. ಎರಡೂ ಬೇರೆ ಬೇರೆ, ಯಾವ ಚೌಕದಲ್ಲಿ ಯಾವುದು ಅಂತ ನೋಡಿಕೊಂಡು ಹಾಕಿ. ಇಮೇಲ್‌ನದ್ದು ಕಾಣದಿದ್ದರೆ ಸ್ಪ್ಯಾಮ್‌ನಲ್ಲಿ ಹುಡುಕಿ.

ಪಾಸ್‌ವರ್ಡ್ ನಿಮ್ಮ ಇಮೇಲ್‌ನದ್ದೇ ಮತ್ತೆ ಹಾಕಬೇಡಿ. ಹೊಸದೊಂದು ಮಾಡಿ, ನಿಮ್ಮ ಡೈರಿಯಲ್ಲಿ ಬರೆದಿಡಿ, ನನಗೆ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ನನಗೆ ಅದು ಬೇಕಾಗಿಲ್ಲ. ಆ 6 ಅಂಕಿಯ ಕೋಡನ್ನೂ ಯಾರಿಗೂ ಹೇಳಬೇಡಿ, ನನ್ನ ಹೆಸರು ಹೇಳಿಕೊಂಡು ಯಾರಾದರೂ ಫೋನ್ ಮಾಡಿ ಕೇಳಿದರೂ ಸರಿ. ನಾನಾಗಿ ಯಾವತ್ತೂ ಕೇಳುವುದಿಲ್ಲ ಚಿಕ್ಕಮ್ಮ, ಇದನ್ನು ಗಟ್ಟಿಯಾಗಿ ನೆನಪಿಡಿ.

ಅಕೌಂಟ್ ಆಯ್ತು ಅಂದ ಮೇಲೆ ಫೋನಿನಲ್ಲಿ Settings ಮೇಲ್ಗಡೆ ಒತ್ತಿ, ಆ ಇಮೇಲ್ ಮತ್ತು ಪಾಸ್‌ವರ್ಡ್ ಹಾಕಿ ಸೈನ್ ಇನ್ ಆಗಿ. ಈಗ ನಿಮ್ಮ ಹೆಸರು ಬರಬೇಕು. ಬಂತು ಅಂತ ನನಗೊಂದು ಮೆಸೇಜ್ ಹಾಕಿದರೆ ಇಲ್ಲಿಂದ ಆಹ್ವಾನ ಕಳಿಸುತ್ತೇನೆ. ಅದು ಅದೇ ಇಮೇಲ್‌ಗೆ ಬರುತ್ತದೆ, ಲ್ಯಾಪ್‌ಟಾಪಿನಲ್ಲಿ ಬೇಡ, ಫೋನಿನಲ್ಲೇ ತೆರೆದು ಒಪ್ಪಿಕೊಳ್ಳಿ. ನೀವಿರುವ ಜಾಗವನ್ನು ಎಲ್ಲರಿಗೂ ತೋರಿಸಲಾ ಅಂತ ಕೇಳಬಹುದು, ಬೇಡ ಅನ್ನಿ, ಹಾಡು ಕೇಳುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಬ್ಬರು ಒಂದು ಸಲಕ್ಕೆ ಒಂದೇ ಫ್ಯಾಮಿಲಿ ಗುಂಪಿನಲ್ಲಿ ಇರಬಹುದು, ಗುಂಪು ಬದಲಾಯಿಸುವುದೂ ವರ್ಷಕ್ಕೆ ಒಂದೇ ಸಲ. ಹಾಗಾಗಿ ಸ್ಮಿತಾಳ ಕಡೆಯಿಂದ ಅಂಥ ಆಹ್ವಾನ ಏನಾದರೂ ಬಂದಿದ್ದರೆ ಅದನ್ನು ಒಪ್ಪಬೇಡಿ. ಸೇರಿದಿರೋ ಇಲ್ಲವೋ ನೋಡಲು Settings ನಲ್ಲಿ ನಿಮ್ಮ ಹೆಸರಿನ ಕೆಳಗೆ Family ಒತ್ತಿ, ನಮ್ಮೆಲ್ಲರ ಹೆಸರು ಸಾಲಾಗಿ ಕಾಣಬೇಕು.

ಆಮೇಲೆ Music ಆ್ಯಪ್ ತೆರೆಯಿರಿ. ಅದು ಫೋನಿನಲ್ಲೇ ಇದೆ, ಬಿಳಿ ಸ್ವರದ ಗುರುತಿರುವ ಕೆಂಪು ಚೌಕ. ತೆರೆದ ತಕ್ಷಣ ಇಷ್ಟು ತಿಂಗಳು ಫ್ರೀ, ಆಮೇಲೆ ಇಷ್ಟು ಅಂತ ಏನಾದರೂ ಬಂದರೆ ಒತ್ತಬೇಡಿ! ಅದು ನಿಮ್ಮೊಬ್ಬರದೇ ಬೇರೆ ಚಂದಾ. ನೀವು ನಮ್ಮ ಪ್ಲಾನಿಗೆ ಸೇರಿದ್ದು ಆ ಆ್ಯಪ್‌ಗೆ ಇನ್ನೂ ಗೊತ್ತಾಗಿಲ್ಲ ಅಂತ ಅರ್ಥ. ಆ್ಯಪ್ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆರೆಯಿರಿ. ಆಗಲೂ ಅದೇ ಬಂದರೆ ಆ ಪರದೆಯ ಫೋಟೋ ತೆಗೆದು ನನಗೆ ಕಳಿಸಿ. ಎಲ್ಲಾದರೂ ವಿಳಾಸ ಕೇಳಿದರೆ ಇಲ್ಲಿನ ಮನೆಯ ವಿಳಾಸ ಹಾಕಿ. ಕಾರ್ಡ್ ನಂಬರ್ ಕೇಳಿದರೆ ಏನೂ ಹಾಕದೆ ನನಗೆ ಫೋನ್ ಮಾಡಿ.

ನಿಮ್ಮ ಹಾಡು ನಿಮಗೆ, ನಮ್ಮದು ನಮಗೆ. ನೀವು ಸೇರಿಸಿಟ್ಟ ಹಾಡುಗಳ ಜೊತೆ ನಮ್ಮ ಮಕ್ಕಳ ಹಾಡು ಬೆರೆಯುವುದಿಲ್ಲ, ನಿಮ್ಮ ಹಾಡು ನಿಲ್ಲಿಸಿ ಇನ್ನೊಬ್ಬರು ಕೇಳುವುದೂ ಇಲ್ಲ. ಶುರುವಿನಲ್ಲಿ ಇಷ್ಟದ ಗಾಯಕರು ಯಾರು ಅಂತ ಕೇಳುತ್ತದೆ. ಸುಮ್ನೆ ಏನೋ ಒಂದು ಒತ್ತಬೇಡಿ, ನಿಜಕ್ಕೂ ಇಷ್ಟ ಇರುವವರನ್ನೇ ಆರಿಸಿ, ಆಮೇಲೆ ಅದು ಹುಡುಕಿ ಕೊಡುವುದು ಅದನ್ನೇ ನೋಡಿಕೊಂಡು. ಹಳೇ ಹಾಡು ಹುಡುಕುವಾಗ ಕನ್ನಡದಲ್ಲಿ ಬರೆದು ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ, ಹಾಡಿನ ಸಾಲು ಸಿಗದಿದ್ದರೆ ಗಾಯಕರ ಹೆಸರಿನಿಂದ ಹೋಗಿ.

ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿಗೆ ಹೋಗುತ್ತೀರಲ್ಲ, ಆಗ ಕೇಳುವ ಹಾಡನ್ನು ಮನೆಯ ವೈಫೈನಲ್ಲೇ ಇಳಿಸಿಕೊಂಡು ಹೋಗಿ. ಹಾಡಿನ ಪಕ್ಕದ ಮೂರು ಚುಕ್ಕೆ ಒತ್ತಿ Download ಅಂದರೆ ಸಾಕು. ಆ ಆಯ್ಕೆ ಕಾಣದಿದ್ದರೆ Settings, Apps, Music ಅಂತ ಹೋಗಿ Sync Library ಆನ್ ಮಾಡಿ.

ಇನ್ನೊಂದು ಮುಖ್ಯ ವಿಷಯ, ಇದು ಹೊರಡುವ ಹೊತ್ತಿಗೆ ಬೇಕಾಗುವುದು. ಅಲ್ಲಿಯ ಸಿಮ್ ಬಿಟ್ಟುಬಂದರೆ ಆ ನಂಬರ್‌ಗೆ ಬರುವ ಕೋಡ್ ನಿಮಗೆ ಸಿಗುವುದಿಲ್ಲ. Settings ನಲ್ಲಿ ನಿಮ್ಮ ಹೆಸರು, Sign-In & Security, Two-Factor Authentication, ಅಲ್ಲಿ ಇನ್ನೊಂದು ನಂಬರ್ ಸೇರಿಸಬಹುದು. ಈಗಲೇ ಸ್ಮಿತಾಳ ನಂಬರನ್ನೂ ಸೇರಿಸಿಡಿ. ಇಲ್ಲಿಗೆ ಬಂದ ಮೇಲೆ ನಿಮ್ಮ ಇಲ್ಲಿನ ನಂಬರ್ ಸೇರಿಸಿ, ಅದು ಸೇರಿತು ಅಂತ ಖಾತ್ರಿ ಆದ ಮೇಲೆಯೇ ಹಳೆಯದನ್ನು ತೆಗೆಯೋಣ, ನಾನೇ ಕೂತು ಮಾಡಿಕೊಡುತ್ತೇನೆ.

ಶನಿವಾರ ನಿಮಗೆ ಬೆಳಗ್ಗೆ ಆಗುವ ಹೊತ್ತಿಗೆ ನಾನು ಮನೆಯಲ್ಲೇ ಇರುತ್ತೇನೆ. ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ಹೇಳಿದರೆ ವಿಡಿಯೋ ಕಾಲ್‌ನಲ್ಲಿ ನೋಡಿ ಹೇಳುತ್ತೇನೆ. ಸ್ಮಿತಾಗೆ ಕೇಳಿದೆ ಅಂತ ಹೇಳಿ.

ನಿಮ್ಮ
ರಘು