ಅಂಗಳ ಟೈಲ್ಸ್, ಗಂಗಾವತಿ: ಪ್ರಚಾರ ಗಾಡಿಯಲ್ಲಿ ಓದುವ ಮಾತು

ಮೈಕ್ ಹಿಡಿಯುವವರಿಗೆ ಮೊದಲು ಒಂದೆರಡು ಮಾತು. ಗಾಡಿ ಬೆಳಿಗ್ಗೆ 9ಕ್ಕೆ ಹೊರಡಲಿ, ಸಂಜೆ 6ಕ್ಕೆ ಮೈಕ್ ಬಂದ್. ಆಸ್ಪತ್ರೆ, ಶಾಲೆ, ಕೋರ್ಟ್ ಇರುವ ಕಡೆ 100 ಮೀಟರ್ ಮೊದಲೇ ಬಂದ್ ಮಾಡಿ, ದಾಟಿದ ಮೇಲೆ ಹಚ್ಚಿ. ಗುಡಿಯಲ್ಲಿ ಪೂಜೆ, ಮಸೀದಿಯಲ್ಲಿ ಆಜಾನ್ ನಡೆಯುತ್ತಿದ್ದರೆ ಮುಗಿಯುವ ತನಕ ಸುಮ್ಮನಿರಿ. ಸಾವಾದ ಮನೆ ಮುಂದೆ ಹಾಡೂ ಬೇಡ, ಮಾತೂ ಬೇಡ. ಓದುವಾಗ ಕೂಗಬೇಡಿ. ನಿಧಾನಕ್ಕೆ, ಮನೆಯವರ ಹತ್ತಿರ ಮಾತಾಡಿದ ಹಾಗೆ ಓದಿ. ರೇಟು ಬಂದಾಗ ಎರಡು ಸಲ ಹೇಳಿ.

ವೃತ್ತದಲ್ಲಿ, ಸಂತೆಯಲ್ಲಿ ಗಾಡಿ ನಿಲ್ಲಿಸಿ ಓದುವುದು

(ಶಹನಾಯಿ ಸ್ವಲ್ಪ ಹೊತ್ತು, ಆಮೇಲೆ ಸಣ್ಣದು ಮಾಡಿ)

ಗಂಗಾವತಿಯ ಮಹಾಜನರಿಗೆ ನಮಸ್ಕಾರ! ಅಣ್ಣಂದಿರೇ, ಅಕ್ಕಂದಿರೇ, ಹೊಸ ಮನೆ ಕಟ್ಟಿಸುತ್ತಿರುವ ಯಜಮಾನರೇ, ಹಳೆ ಮನೆ ರಿಪೇರಿಗೆ ಕೈ ಹಾಕಿರುವ ತಾಯಂದಿರೇ, ಸ್ವಲ್ಪ ಇತ್ತ ಕಿವಿ ಕೊಡಿ.

ಇದೇ ಶುಕ್ರವಾರ, ಬೆಳಿಗ್ಗೆ 10 ಗಂಟೆಗೆ, ನಮ್ಮ ಗಂಗಾವತಿಯ ಕನಕಗಿರಿ ರಸ್ತೆಯಲ್ಲಿ ಹೊಸ ಟೈಲ್ಸ್ ಶೋರೂಂ ಶುರುವಾಗುತ್ತಿದೆ. ಹೆಸರು ಅಂಗಳ ಟೈಲ್ಸ್! ಅಂಗಳ ಟೈಲ್ಸ್! ನೆಲದ ಟೈಲ್ಸ್, ಗೋಡೆ ಟೈಲ್ಸ್, ಬಚ್ಚಲಿನ ಟೈಲ್ಸ್, ಪಾರ್ಕಿಂಗ್ ಟೈಲ್ಸ್, ಮಾಳಿಗೆಗೆ ಹಾಕುವ ಬಿಳಿ ಟೈಲ್ಸ್, ಎಲ್ಲ ಒಂದೇ ಸೂರಿನ ಕೆಳಗೆ. ಗುಜರಾತಿನ ಮೋರ್ಬಿಯಿಂದ ಲಾರಿ ನೇರವಾಗಿ ನಮ್ಮ ಗೋದಾಮಿಗೇ ಬರುತ್ತದೆ.

ರಿಬ್ಬನ್ ಕತ್ತರಿಸುವವರು ಯಾರು ಅಂತ ಕೇಳುತ್ತೀರಾ? ನಮ್ಮ ಊರಿನ ಹಿರಿಯ ಗೌಂಡಿಗಳು. ನಿಮ್ಮ ನಮ್ಮ ಮನೆಗಳ ನೆಲ ಹಾಸಿದ ಕೈಗಳು. ಈ ಶೋರೂಂ ಯಜಮಾನರೂ ಗೌಂಡಿ ಕೆಲಸದಿಂದಲೇ ಮೇಲೆ ಬಂದವರು. ಮಂಡಿ ಊರಿ ಟೈಲ್ಸ್ ಹಾಕಿದವರಿಗೆ ಯಾವ ಟೈಲ್ಸ್ ಎಲ್ಲಿ ಬಾಳುತ್ತದೆ, ಎಲ್ಲಿ ಬಾಳುವುದಿಲ್ಲ ಅನ್ನುವುದು ಗೊತ್ತು.

ಅಮ್ಮಾ, ಅಕ್ಕಾ, ಒಂದು ಮಾತು ಕೇಳುತ್ತೇವೆ. ಅಂಗಡಿಯಲ್ಲಿ ಲೈಟಿನ ಕೆಳಗೆ ಟೈಲ್ಸ್ ಪಳಪಳ ಹೊಳೆಯುತ್ತದೆ. ಮನಸ್ಸು ಸೋಲುತ್ತದೆ, ತಂದು ಹಾಕಿಸುತ್ತೇವೆ. ಆಮೇಲೆ ನೀರು ಬಿದ್ದರೆ? ಬಚ್ಚಲಲ್ಲಿ ಸೋಪಿನ ನೀರಿನ ಮೇಲೆ ಅಜ್ಜಿ ಕಾಲಿಟ್ಟರೆ? ಅದಕ್ಕೇ ಅಂಗಳ ಟೈಲ್ಸ್‌ನಲ್ಲಿ ಒಂದು ಕಟ್ಟೆ ಕಟ್ಟಿಸಿದ್ದೇವೆ. ಅದರ ಮೇಲೆ ಹೊಳೆಯುವ ಟೈಲ್ಸ್, ಮ್ಯಾಟ್ ಟೈಲ್ಸ್, ಜಾರದ ಟೈಲ್ಸ್ ಮೂರನ್ನೂ ಅಕ್ಕಪಕ್ಕ ಹಾಸಿದೆ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಚೊಂಬು, ಹಿಡಿದುಕೊಳ್ಳಲು ಗಟ್ಟಿ ಕಂಬಿ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿ. ನೀವೇ ನೀರು ಸುರಿಯಿರಿ. ಕಂಬಿ ಹಿಡಿದು ಕಾಲು ಸರಿಸಿ ನೋಡಿ. ಯಾವುದು ಹಿಡಿಯುತ್ತದೆ, ಯಾವುದು ಜಾರುತ್ತದೆ, ನಿಮ್ಮ ಪಾದವೇ ಹೇಳುತ್ತದೆ. ಆಮೇಲೆ ಕೊಳ್ಳಿ!

ಬಚ್ಚಲಿಗೆ 1 ಬೈ 1 ಸಣ್ಣ ಟೈಲ್ಸೇ ಒಳ್ಳೆಯದು. ಸಂದು ಜಾಸ್ತಿ ಇರುವುದರಿಂದ ಕಾಲಿಗೆ ಹಿಡಿತ ಸಿಗುತ್ತದೆ, ಮೋರಿ ಕಡೆಗೆ ಇಳಿಜಾರು ಕೊಡುವುದೂ ಸುಲಭ. ಅಲ್ಲಿಗೆ ದೊಡ್ಡ, ದುಬಾರಿ ಟೈಲ್ಸ್ ನಾವು ಮಾರಲು ಹೋಗುವುದಿಲ್ಲ. ಬೋರ್ ನೀರು ಬಳಸುವ ಮನೆಯವರೇ, ಉಪ್ಪು ನೀರಿನ ಬಿಳಿ ಕಲೆ ಕಪ್ಪು ಹೊಳೆಯುವ ಟೈಲ್ಸ್ ಮೇಲೆ ಎದ್ದು ಕಾಣುತ್ತದೆ. ತಿಳಿ ಬಣ್ಣ ನೋಡಿ. ಕಲೆ ತೆಗೆಯಲು ದಿನಾ ಆಸಿಡ್ ಹಾಕಿದರೆ ಸಂದಿನ ಸಿಮೆಂಟು ಕರಗುತ್ತದೆ, ಅದು ಬೇಡ. ಅಡುಗೆ ಮನೆಯಲ್ಲಿ ಅರಿಶಿನ, ಎಣ್ಣೆ ಬಿದ್ದು ಟೈಲ್ಸ್ ಸಂದು ಹಳದಿಯಾಗುತ್ತದೆ ಅಲ್ವಾ? ಅಲ್ಲಿಗೆ ಎಪಾಕ್ಸಿ ಗ್ರೌಟ್ ಹಾಕಿಸಿ. ಸ್ವಲ್ಪ ದುಡ್ಡು ಜಾಸ್ತಿ, ಆದರೆ ಕಲೆ ಒಳಗೆ ಇಳಿಯುವುದಿಲ್ಲ.

ಈಗ ರೇಟು. ಕೇಳಿ, ಬರೆದುಕೊಳ್ಳಿ!

ಗೋಡೆ ಟೈಲ್ಸ್, ಚದರ ಅಡಿಗೆ 32 ರೂಪಾಯಿಯಿಂದ. ನೆಲಕ್ಕೆ 2 ಬೈ 2 ವಿಟ್ರಿಫೈಡ್, ಅಡಿಗೆ 42 ರೂಪಾಯಿಯಿಂದ. 4 ಬೈ 2 ದೊಡ್ಡ ಟೈಲ್ಸ್, ಅಡಿಗೆ 56 ರೂಪಾಯಿಯಿಂದ. ಪಾರ್ಕಿಂಗ್ ಟೈಲ್ಸ್, ಅಡಿಗೆ 38 ರೂಪಾಯಿಯಿಂದ. ಜಿಎಸ್‌ಟಿ ಸೇರಿಯೇ ಈ ರೇಟು. ಹೇಳಿದ್ದೇ ಬಿಲ್ಲಿನಲ್ಲಿ ಇರುತ್ತದೆ. ಬಿಲ್ಲು ಎಲ್ಲರಿಗೂ ಕೊಡುತ್ತೇವೆ.

ಲೆಕ್ಕ ಹೇಗೆ ಅಂತೀರಾ? 10 ಬೈ 12ರ ಒಂದು ರೂಮು ತೆಗೆದುಕೊಳ್ಳಿ. 120 ಅಡಿ ಆಯಿತು. 2 ಬೈ 2ರ ಒಂದು ಬಾಕ್ಸಿನಲ್ಲಿ 4 ಟೈಲ್ಸ್, ಅಂದರೆ 16 ಅಡಿ. ಕಟಿಂಗ್ ಸೇರಿ ನೆಲಕ್ಕೆ 8 ಬಾಕ್ಸು, ಗೋಡೆ ಬುಡದ ಪಟ್ಟಿಗೆ 1 ಬಾಕ್ಸು. ಒಟ್ಟು 9 ಬಾಕ್ಸು. 42 ರೂಪಾಯಿಯ ಟೈಲ್ಸ್ ಆದರೆ 6,048 ರೂಪಾಯಿ. ಅಷ್ಟೇ! ನಿಮ್ಮ ಮನೆಯ ಅಳತೆ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ, ಲೆಕ್ಕ ನಿಮ್ಮ ಕಣ್ಣೆದುರೇ ಹಾಕಿ ಕೊಡುತ್ತೇವೆ. ಲೆಕ್ಕ ಹಾಕಿಸಿಕೊಂಡ ಮೇಲೆ ಕೊಳ್ಳಲೇಬೇಕು ಅಂತೇನೂ ಇಲ್ಲ.

ಕೆಲಸ ಮುಗಿದ ಮೇಲೆ ಬಾಕ್ಸು ಉಳಿಯಿತೇ? ಸೀಲು ಒಡೆಯದಿದ್ದರೆ 30 ದಿನದೊಳಗೆ ತನ್ನಿ, ಪೂರ್ತಿ ದುಡ್ಡು ವಾಪಸ್. ಆದರೆ ಒಂದು ಬಾಕ್ಸು ಮನೆಯಲ್ಲೇ ಇಟ್ಟುಕೊಳ್ಳಿ ಅನ್ನುವುದು ನಮ್ಮ ಸಲಹೆ. ನಾಳೆ ಒಂದು ಟೈಲ್ಸ್ ಒಡೆದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ. ಬಾಕ್ಸಿನ ಮೇಲೆ ಬ್ಯಾಚ್ ನಂಬರ್, ಶೇಡ್ ನಂಬರ್ ಇರುತ್ತದೆ. ಒಂದು ಹಾಲಿಗೆ ಒಂದೇ ನಂಬರಿನ ಬಾಕ್ಸು ಬೇಕು, ಇಲ್ಲದಿದ್ದರೆ ಅರ್ಧ ಹಾಲು ಒಂದು ಬಣ್ಣ, ಇನ್ನರ್ಧ ಇನ್ನೊಂದು ಬಣ್ಣ. ಲೋಡ್ ಮಾಡುವಾಗ ಒಂದೊಂದೇ ನಂಬರ್ ಓದಿ ತೋರಿಸಿ ಗಾಡಿಗೆ ಹಾಕುತ್ತೇವೆ.

ಗಂಗಾವತಿ ಊರೊಳಗೆ ಸಾಗಣೆ ಉಚಿತ. 500 ಅಡಿಗಿಂತ ಹೆಚ್ಚು ಕೊಂಡರೆ ಸುತ್ತಲ ಹಳ್ಳಿ, ಕ್ಯಾಂಪುಗಳಿಗೂ ಉಚಿತ. ಇಳಿಸುವಾಗ ನಿಮ್ಮೆದುರು ಒಡೆದ ಟೈಲ್ಸ್ ಇದ್ದರೆ ಬದಲಿ ಕೊಡುವುದು ನಮ್ಮ ಜವಾಬ್ದಾರಿ.

ಲಕ್ಕಿ ಡ್ರಾ ಇಟ್ಟಿಲ್ಲ. ಒಬ್ಬರಿಗೆ ಬೈಕು ಕೊಟ್ಟು ಉಳಿದ ನೂರು ಜನರ ರೇಟಿನಲ್ಲಿ ಅದನ್ನು ಸೇರಿಸುವುದು ನಮಗೆ ಇಷ್ಟವಿಲ್ಲ. ಅದರ ಬದಲು ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನ ಬುಕ್ ಮಾಡಿದ ಎಲ್ಲರಿಗೂ ಬಿಲ್ಲಿನಲ್ಲಿ 100ಕ್ಕೆ 5 ರೂಪಾಯಿ ಕಡಿತ. ಮನೆ ಇನ್ನೂ ಪಾಯದಲ್ಲೇ ಇದೆಯಾ? ಈಗ ಬುಕ್ ಮಾಡಿ, 4 ತಿಂಗಳೊಳಗೆ ಯಾವಾಗ ಬೇಕಾದರೂ ಅದೇ ರೇಟಿಗೆ ಮಾಲು ಎತ್ತಿ.

ಕನಕಗಿರಿ ರಸ್ತೆ, ದೊಡ್ಡ ಬೇವಿನ ಮರದ ಎದುರು, ನೀಲಿ ಬೋರ್ಡು. ಅಂಗಳ ಟೈಲ್ಸ್! ಶುಕ್ರವಾರ ಬೆಳಿಗ್ಗೆ 10 ಗಂಟೆ! ಫೋನ್ ನಂಬರು ನಮ್ಮ ಹುಡುಗರು ಕೊಡುತ್ತಿರುವ ಚೀಟಿಯಲ್ಲಿದೆ, ಇಟ್ಟುಕೊಳ್ಳಿ.

(ಶಹನಾಯಿ)

ಗೌಂಡಿ ಅಣ್ಣಂದಿರಿಗೆ: ಬೆಳಿಗ್ಗೆ ಕೂಲಿಗೆ ನಿಲ್ಲುವ ಜಾಗದಲ್ಲಿ ಓದುವುದು

ಗೌಂಡಿ ಅಣ್ಣಂದಿರೇ, ಟೈಲ್ಸ್ ಮೇಸ್ತ್ರಿಗಳೇ, ಕನಕಗಿರಿ ರಸ್ತೆಯಲ್ಲಿ ಈ ಶುಕ್ರವಾರ ಶುರುವಾಗುತ್ತಿರುವ ಅಂಗಳ ಟೈಲ್ಸ್ ಶೋರೂಂನಿಂದ ನಿಮಗೆ ಬೇರೆಯಾಗಿಯೇ ಕರೆ ಇದೆ.

ಈಗ ಗಿರಾಕಿಗಳು ಗೋಡೆಗೂ 4 ಬೈ 2 ವಿಟ್ರಿಫೈಡ್ ಕೇಳುತ್ತಾರೆ. ವಿಟ್ರಿಫೈಡ್ ನೀರು ಕುಡಿಯುವುದಿಲ್ಲ, ಬರೀ ಸಿಮೆಂಟ್ ಹಾಲಿಗೆ ಸರಿಯಾಗಿ ಹಿಡಿಯುವುದೂ ಇಲ್ಲ. ಗಮ್ ಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತಿದರೆ ನಡುವೆ ಪೊಳ್ಳು ಉಳಿಯುತ್ತದೆ. ಕುಟ್ಟಿದರೆ ಡಬ್ ಡಬ್ ಅನ್ನುತ್ತದೆ. ಅಲ್ಲೇ ಒಂದು ದಿನ ಭಾರ ಬಿದ್ದು ಒಡೆಯುತ್ತದೆ, ಮಾತು ಕೇಳುವವರು ನೀವು.

ಶನಿವಾರ ಸಂಜೆ 4 ಗಂಟೆಗೆ ಶೋರೂಂ ಹಿಂದಿನ ಗೋದಾಮಿನಲ್ಲಿ ಗಮ್ ಕಲಸುವುದು, ಹಲ್ಲಿನ ಕರಣೆಯಿಂದ ಎಳೆಯುವುದು, ಸ್ಪೇಸರ್ ಮತ್ತು ಕ್ಲಿಪ್ ಹಾಕಿ ಮಟ್ಟ ಹಿಡಿಯುವುದು, ಎಲ್ಲ ಮಾಡಿ ತೋರಿಸುತ್ತಾರೆ. ನೀವೂ ಕೈ ಹಾಕಿ ಮಾಡಿ. ಬಂದ ಎಲ್ಲ ಮೇಸ್ತ್ರಿಗಳಿಗೂ ಒಂದೊಂದು ಹಲ್ಲಿನ ಕರಣೆ ಉಡುಗೊರೆ, ಜೊತೆಗೆ ಚಹಾ, ಮಂಡಾಳು ಒಗ್ಗರಣೆ, ಮಿರ್ಚಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿ ಕಮಿಷನ್ ಕೊಡುವುದಿಲ್ಲ. ಕೊಟ್ಟರೆ ಅದು ಗಿರಾಕಿಯ ಬಿಲ್ಲಿಗೇ ಹೋಗಿ ಕೂರುತ್ತದೆ. ಬದಲಿಗೆ ನಿಮ್ಮ ಹೆಸರು, ಫೋನ್ ನಂಬರು, ನೀವು ಮಾಡಿದ ಕೆಲಸದ ಫೋಟೋ ನಮ್ಮ ಶೋರೂಂ ಗೋಡೆ ಮೇಲೆ ಹಾಕುತ್ತೇವೆ. ಟೈಲ್ಸ್ ಕೊಂಡವರು ಅಲ್ಲೇ ನೋಡಿ ನಿಮಗೆ ಫೋನ್ ಮಾಡುತ್ತಾರೆ.

ಹಳ್ಳಿ ಮತ್ತು ಕ್ಯಾಂಪುಗಳಲ್ಲಿ: ಶ್ರೀರಾಮನಗರ, ಸಿದ್ದಾಪುರ, ಕಾರಟಗಿ, ಮರಳಿ, ಆನೆಗೊಂದಿ, ಕಂಪ್ಲಿ

ರೈತ ಬಂಧುಗಳೇ, ನಮಸ್ಕಾರ! ಭತ್ತದ ದುಡ್ಡು ಕೈಗೆ ಬಂದ ಮೇಲೆ ಮನೆ ಕೆಲಸ ಹಿಡಿಯೋಣ ಅಂದುಕೊಂಡಿದ್ದೀರಾ? ಹಾಗಾದರೆ ಒಂದು ಸಲ ಗಂಗಾವತಿಯ ಅಂಗಳ ಟೈಲ್ಸ್‌ಗೆ ಬನ್ನಿ.

ಪಡಸಾಲೆಯಲ್ಲಿ ಶಹಾಬಾದ್ ಬಂಡೆ ಹಾಸಿದೆ, ಅದನ್ನು ಕೀಳಬೇಕಾ ಅಂತ ತುಂಬ ಜನ ಕೇಳುತ್ತಾರೆ. ಬಂಡೆ ಗಟ್ಟಿಯಾಗಿ ಕೂತಿದ್ದರೆ, ಅಲುಗಾಡದಿದ್ದರೆ ಕೀಳಬೇಕಿಲ್ಲ. ಎಣ್ಣೆ ಜಿಡ್ಡು ತೊಳೆದು, ಮೇಲ್ಮೈ ಒರಟು ಮಾಡಿ, ಅದರ ಮೇಲೇ ಗಮ್ ಹಾಕಿ ಟೈಲ್ಸ್ ಕೂರಿಸಬಹುದು. ನೆಲ ಸ್ವಲ್ಪ ಏರುತ್ತದೆ, ಬಾಗಿಲು ಕೆಳಗೆ ಉಜ್ಜುತ್ತದೆಯೋ ಏನೋ ಮೊದಲು ನೋಡಿಕೊಳ್ಳಿ. ಇನ್ನು ಬಂಡೆ ಚೆನ್ನಾಗಿದೆ, ಬೇಸಿಗೆಗೆ ತಂಪಾಗಿದೆ ಅನ್ನಿಸಿದರೆ ಸುಮ್ನೆ ಪಾಲಿಶ್ ಹೊಡೆಸಿ ಉಳಿಸಿಕೊಳ್ಳಿ. ನಮ್ಮ ವ್ಯಾಪಾರಕ್ಕಾಗಿ ಒಳ್ಳೆಯ ಬಂಡೆ ಒಡೆಸಬೇಡಿ.

ಟ್ರ್ಯಾಕ್ಟರ್ ನಿಲ್ಲಿಸುವ ಜಾಗಕ್ಕೆ ಟೈಲ್ಸ್ ಕೇಳಬೇಡಿ. ಅಲ್ಲಿಗೆ ಕಾಂಕ್ರೀಟೇ ಸರಿ. ಬೈಕು, ಕಾರಿನ ಜಾಗಕ್ಕೆ ಪಾರ್ಕಿಂಗ್ ಟೈಲ್ಸ್ ಸಾಕು.

ಆದರೆ ಮಾಳಿಗೆ ಮೇಲಿನ ಬಿಳಿ ಟೈಲ್ಸ್ ಮಾತ್ರ ತಪ್ಪದೆ ನೋಡಿ. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಆರ್‌ಸಿಸಿ ಮಾಳಿಗೆ ಹಗಲೆಲ್ಲ ಕಾದು ರಾತ್ರಿ ಒಳಗೆ ಬಿಸಿ ಇಳಿಸುತ್ತದೆ, ಫ್ಯಾನ್ ಹಾಕಿದರೂ ಕಾವೇ ಬೀಸುತ್ತದೆ. ಬಿಳಿ ಟೈಲ್ಸ್ ಬಿಸಿಲನ್ನು ವಾಪಸ್ ಕಳಿಸುತ್ತದೆ, ಮಾಳಿಗೆ ಕಾಯುವುದು ಕಡಿಮೆಯಾಗುತ್ತದೆ. ಹಾಕುವ ಮೊದಲು ಬಿರುಕು ಮುಚ್ಚಿಸಿ, ನೀರು ಹೋಗಲು ಇಳಿಜಾರು ಕೊಡಿಸಿ. ಶೋರೂಂ ಮಾಳಿಗೆಯ ಅರ್ಧಕ್ಕೆ ಅದನ್ನೇ ಹಾಕಿಸಿದ್ದೇವೆ, ಇನ್ನರ್ಧ ಹಾಗೇ ಬಿಟ್ಟಿದ್ದೇವೆ. ಮಧ್ಯಾಹ್ನ ಬಂದು ಎರಡೂ ಕಡೆ ಅಂಗೈ ಇಟ್ಟು ನೋಡಿ.

ಗಂಡ ಹೆಂಡತಿ ಇಬ್ಬರೂ ಬನ್ನಿ. ನೆಲ ಒರೆಸುವವರೇ ಟೈಲ್ಸ್ ಆರಿಸಿದರೆ ಚೆಂದ.

ಗಾಡಿ ಓಡುತ್ತಿರುವಾಗ, ಓಣಿಗಳಲ್ಲಿ

ಬಂತು ಬಂತು ಅಂಗಳ ಟೈಲ್ಸ್! ಗಂಗಾವತಿ ಕನಕಗಿರಿ ರಸ್ತೆ, ಬೇವಿನ ಮರದ ಎದುರು! ಇದೇ ಶುಕ್ರವಾರ ಬೆಳಿಗ್ಗೆ 10 ಗಂಟೆ!

ನೆಲದ ಟೈಲ್ಸ್ ಅಡಿಗೆ 42 ರೂಪಾಯಿಯಿಂದ, ಗೋಡೆ ಟೈಲ್ಸ್ ಅಡಿಗೆ 32 ರೂಪಾಯಿಯಿಂದ, ಜಿಎಸ್‌ಟಿ ಸೇರಿ!

ನೀರು ಸುರಿದು ನೋಡಿ, ಬರಿಗಾಲಲ್ಲಿ ನಿಂತು ನೋಡಿ, ಆಮೇಲೆ ಕೊಳ್ಳಿ! ಅಂಗಳ ಟೈಲ್ಸ್!

ಉಳಿದ ಬಾಕ್ಸು ವಾಪಸ್, ಊರೊಳಗೆ ಸಾಗಣೆ ಉಚಿತ! ಮೂರು ದಿನ 100ಕ್ಕೆ 5 ರೂಪಾಯಿ ಕಡಿತ!

ಶುಕ್ರವಾರ ಮಧ್ಯಾಹ್ನದಿಂದ ಭಾನುವಾರದವರೆಗೆ

ಗಂಗಾವತಿಯ ಮಹಾಜನರೇ, ಅಂಗಳ ಟೈಲ್ಸ್ ಬಾಗಿಲು ತೆರೆದಿದೆ! ಭಾನುವಾರ ರಾತ್ರಿ 8 ಗಂಟೆಯವರೆಗೆ ಕಡಿತದ ರೇಟು ಇರುತ್ತದೆ. ಮನೆಯ ಅಳತೆ ಚೀಟಿ ಮರೆಯದೆ ತನ್ನಿ. ವಯಸ್ಸಾದವರಿಗೆ ಕೂರಲು ಕುರ್ಚಿ, ಕುಡಿಯಲು ನೀರು ಮಜ್ಜಿಗೆ ಇದೆ. ಗಾಡಿ ನಿಲ್ಲಿಸಲು ಶೋರೂಂ ಪಕ್ಕದ ಖಾಲಿ ಜಾಗ, ರಸ್ತೆ ಮೇಲೆ ನಿಲ್ಲಿಸಬೇಡಿ.